ಹದಿಮೂರು ಮನೆಗಳ ಆಡು-ಕುರಿ ಲೆಕ್ಕ

ದಾಳಿಂಬ ಎಂಬ ಊರು ಇರುವುದು ಉಮರ್ಗಾ ತಾಲ್ಲೂಕಿನಲ್ಲಿ. ಅದರ ಜಿಲ್ಲೆಯ ಹೆಸರು ಈಗ ಧಾರಾಶಿವ. ಹಳೆಯ ಹೆಸರು ಉಸ್ಮಾನಾಬಾದ್ ಅಲ್ಲಿನ ಆಡುಗಳ ತಳಿಯಲ್ಲಿ ಇನ್ನೂ ಉಳಿದಿದೆ. ಉಸ್ಮಾನಾಬಾದಿ ಆಡು ಬಹುತೇಕ ಕಪ್ಪು ಬಣ್ಣದ್ದು, ಹಾಲಿಗೂ ಮಾಂಸಕ್ಕೂ ಆಗುತ್ತದೆ, ಅವಳಿ ಮರಿ ಹಾಕುವುದೂ ಸಾಮಾನ್ಯ. ಮರಾಠವಾಡಾದ ಈ ಗಡಿಭಾಗದಲ್ಲಿ ಎರಡು ಮೂರು ಆಡು ಕಟ್ಟಿದ ಮನೆಗಳಿವೆ, ಒಂದೂ ಇಲ್ಲದ ಮನೆಗಳಿವೆ, ನೂರಾರು ಕುರಿ ಕಾಯುವ ಕುರುಬರ ಮನೆಗಳೂ ಇವೆ. ಏಳನೇ ತರಗತಿಯ ಮಕ್ಕಳಿಗೆ ಸರಾಸರಿ, ಮಧ್ಯಾಂಕ, ಬಹುಲಕ ಕಲಿಸಲು ಇದಕ್ಕಿಂತ ಒಳ್ಳೆಯ ಸರಕು ನನಗೆ ಕಾಣುವುದಿಲ್ಲ.

ಅಂಥದೊಂದು ತರಗತಿಯಲ್ಲಿ 13 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳೋಣ. ಅಂಕಿಗಳು ಲೆಕ್ಕಕ್ಕಾಗಿ ನಾನೇ ಕಟ್ಟಿದವು. ಸರ್ ಒಬ್ಬೊಬ್ಬರನ್ನೇ ಎಬ್ಬಿಸಿ, "ನಿಮ್ಮ ಮನ್ಯಾಗ ಆಡು-ಕುರಿ ಎಲ್ಲಾ ಕೂಡಿ ಎಷ್ಟದಾವ?" ಎಂದು ಕೇಳಿ, ಬಂದ ಉತ್ತರವನ್ನು ಬಂದ ಹಾಗೆಯೇ ಹಲಗೆಯ ಮೇಲೆ ಬರೆಯುತ್ತಾರೆ:

3, 0, 2, 5, 0, 1, 130, 0, 4, 2, 6, 0, 3

ಮೊದಲ ಪ್ರಶ್ನೆ: ಮಧ್ಯಾಂಕ ಎಷ್ಟು? ಹದಿಮೂರರ ನಡುವಿನದು ಏಳನೆಯದು ಎಂದು ಮಕ್ಕಳಿಗೆ ಗೊತ್ತು. ಎಡದಿಂದ ಏಳನೆಯದನ್ನು ಎಣಿಸಿ "130 ರೀ ಸರ್" ಎನ್ನುವವರು ಇದ್ದೇ ಇರುತ್ತಾರೆ. ಈ ಪಟ್ಟಿಯ ನಟ್ಟನಡುವೆ 130 ಅನ್ನು ಬೇಕೆಂದೇ ಇಟ್ಟಿದ್ದೇನೆ. ಅಲ್ಲಿ 2 ಅಥವಾ 3 ಇದ್ದಿದ್ದರೆ ತಪ್ಪು ದಾರಿ ಹಿಡಿದ ಮಗುವಿಗೂ ಸರಿಯಾಗಿ ತೋರುವ ಉತ್ತರ ಸಿಕ್ಕಿಬಿಡುತ್ತಿತ್ತು, ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಮಧ್ಯಾಂಕ ಹುಡುಕುವ ಮೊದಲು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಲೇಬೇಕು:

0, 0, 0, 0, 1, 2, 2, 3, 3, 4, 5, 6, 130

ಈಗ ಏಳನೆಯದು 2. ಅತಿ ಹೆಚ್ಚು ಸಲ ಬಂದದ್ದು 0, ಅದೇ ಬಹುಲಕ. ಬಹುಲಕ 4 ಎಂದು ಬರೆಯುವ ಮಕ್ಕಳೂ ಇರುತ್ತಾರೆ. ಸೊನ್ನೆ ಎಷ್ಟು ಸಲ ಬಂತು ಎನ್ನುವುದು 4, ಬಂದ ಬೆಲೆ 0. ಸರಾಸರಿಗೆ ಎಲ್ಲವನ್ನೂ ಕೂಡಿದರೆ 156, ಅದನ್ನು 13ರಿಂದ ಭಾಗಿಸಿದರೆ 12.

ಹನ್ನೆರಡು! ಈ ತರಗತಿಯಲ್ಲಿ 12 ಆಡು-ಕುರಿ ಇರುವ ಮನೆ ಒಂದೂ ಇಲ್ಲ, ಅದರ ಹತ್ತಿರದ್ದೂ ಇಲ್ಲ. 13 ಮನೆಗಳಲ್ಲಿ 12 ಮನೆಗಳು ಸರಾಸರಿಗಿಂತ ಕೆಳಗಿವೆ. 130 ಎಂದ ಕುರುಬರ ಹುಡುಗ ಅಂದು ಶಾಲೆಗೆ ಬರದಿದ್ದರೆ ಉಳಿದವರ ಮೊತ್ತ 26, ಸರಾಸರಿ ಎರಡಕ್ಕಿಂತ ಚೂರು ಹೆಚ್ಚು. ಮಧ್ಯಾಂಕ ಆಗಲೂ 2 ಆಗಿಯೇ ಇರುತ್ತದೆ. ಸರಾಸರಿ ಪ್ರತಿ ಉತ್ತರವನ್ನೂ ಅದರ ಗಾತ್ರಕ್ಕೆ ತಕ್ಕಂತೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮಧ್ಯಾಂಕ ನೋಡುವುದು ಸಾಲಿನಲ್ಲಿ ಯಾರು ಎಲ್ಲಿ ನಿಂತಿದ್ದಾರೆ ಎನ್ನುವುದನ್ನಷ್ಟೇ. ಕೊನೆಯಲ್ಲಿ ನಿಂತವನ ಬಳಿ 7 ಇದ್ದರೂ 700 ಇದ್ದರೂ ಅದಕ್ಕೆ ಒಂದೇ.

ಹಾಗಾದರೆ ವಿಪರೀತ ಬೆಲೆಗಳು ಸರಾಸರಿಯನ್ನು ಯಾವಾಗಲೂ ಕೆಡಿಸುತ್ತವೆಯೇ? ಇಲ್ಲ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1906ರಲ್ಲಿ ನಡೆದ ಜಾನುವಾರು ಪ್ರದರ್ಶನವೊಂದರಲ್ಲಿ ಎತ್ತನ್ನು ತೋರಿಸಿ, ಕೊಯ್ದು ಹಸನುಮಾಡಿದ ಮೇಲೆ ಅದರ ತೂಕ ಎಷ್ಟಾದೀತು ಎಂದು ಜನರಿಂದ ಚೀಟಿ ಬರೆಸಿದ್ದರು. ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ 787 ಚೀಟಿಗಳನ್ನು ತರಿಸಿಕೊಂಡು ಜೋಡಿಸಿ ನೋಡಿದ. ಮಧ್ಯಾಂಕ 1,207 ಪೌಂಡ್ ಬಂತು, ನಿಜವಾದ ತೂಕ 1,198 ಪೌಂಡ್. ಹುಚ್ಚಾಪಟ್ಟೆ ಬರೆದವನ ಚೀಟಿಗೆ ಸರಾಸರಿಯಲ್ಲಿ ಹೆಚ್ಚು ಬಲ ಬಂದುಬಿಡುತ್ತದೆ ಎಂದೇ ಅವನು ಮಧ್ಯಾಂಕವನ್ನು ಆರಿಸಿದ್ದ. ಆದರೆ ಆಮೇಲೆ ಸರಾಸರಿ ತೆಗೆದರೆ 1,197 ಪೌಂಡ್, ನಿಜಕ್ಕೆ ಇನ್ನೂ ಹತ್ತಿರ! ಅಲ್ಲಿ ಹೆಚ್ಚು ಬರೆದವರೂ ಇದ್ದರು, ಕಡಿಮೆ ಬರೆದವರೂ ಇದ್ದರು. ಎರಡು ಕಡೆಯ ಎಳೆತ ಒಂದಕ್ಕೊಂದು ಸರಿಹೋಯಿತು. ಆಡಿನ ಲೆಕ್ಕದಲ್ಲಿ ಹಾಗಾಗುವುದಿಲ್ಲ. ಯಾರ ಮನೆಯಲ್ಲೂ ಸೊನ್ನೆಗಿಂತ ಕಡಿಮೆ ಆಡು ಇರಲಾರದು, ಮೇಲಕ್ಕೆ ಮಾತ್ರ ಮಿತಿಯಿಲ್ಲ. ಎಳೆತವೆಲ್ಲ ಒಂದೇ ಕಡೆಗೆ. ಹೊಲದ ಎಕರೆ, ಮನೆಯ ಆದಾಯ, ಶಾಲೆಗೆ ನಡೆಯುವ ದೂರ ಇವೆಲ್ಲ ಇದೇ ಜಾತಿಯ ಅಂಕಿಗಳು. ಇಂಥವುಗಳ ಸರಾಸರಿ ಕಂಡರೆ ಮಧ್ಯಾಂಕವನ್ನೂ ಕೇಳಬೇಕು. ಎರಡರ ನಡುವೆ ದೊಡ್ಡ ಅಂತರವಿದ್ದರೆ ಎಲ್ಲೋ ಒಂದು ದೊಡ್ಡ ಹಿಂಡಿದೆ ಎಂದು ಅರ್ಥ.

ಇಷ್ಟು ಕಲಿತ ಮಕ್ಕಳು ಇನ್ನೊಂದು ಗುಂಡಿಗೆ ಬೀಳುತ್ತಾರೆ: "130 ತೆಗೆದು ಹಾಕೋಣ್ರೀ, ಲೆಕ್ಕ ಕೆಡಸ್ತೈತಿ." ತೆಗೆಯುವ ಮೊದಲು ಅದು ನಿಜವೋ ತಪ್ಪೋ ನೋಡಬೇಕು. ಬರೆಯುವಾಗ 13ರ ಮುಂದೆ ಒಂದು ಸೊನ್ನೆ ಹೆಚ್ಚಿಗೆ ಬಿದ್ದಿರಬಹುದು. ಹಾಗಿದ್ದರೆ ಮೊತ್ತ 39, ಸರಾಸರಿ 3, ತಿದ್ದಿದರೆ ಮುಗಿಯಿತು. ತಪ್ಪೋ ಸರಿಯೋ ಎಂದು ಅಂಕಿಯನ್ನೇ ದಿಟ್ಟಿಸಿದರೆ ತಿಳಿಯುವುದಿಲ್ಲ. ಹುಡುಗನನ್ನು ಮತ್ತೆ ಕೇಳಬೇಕು, ಸಂಜೆ ಹಿಂಡು ದೊಡ್ಡಿಗೆ ಬಂದಾಗ ಎಣಿಸಬೇಕು. ಎಣಿಸಿದಾಗಲೂ 130 ಬಂದರೆ ಅದನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ.

ಯಾಕೆಂದರೆ ಪಶುವೈದ್ಯರು ಪಿಪಿಆರ್ ರೋಗಕ್ಕೆ ಲಸಿಕೆ ಹಾಕಲು ಬರುವ ದಿನ ಬೇಕಾಗುವುದು ಮಧ್ಯಾಂಕವಲ್ಲ. ಮನೆಗೆ 2 ಎಂದು 13 ಮನೆಗಳಿಗೆ 26 ಡೋಸ್ ತಂದರೆ ಕುರುಬರ ದೊಡ್ಡಿಯ ಕಾಲುಭಾಗಕ್ಕೂ ಸಾಲದು. ಸರಾಸರಿ 12 ಅನ್ನು 13ರಿಂದ ಗುಣಿಸಿದರೆ 156, ಸರಿಯಾದ ಮೊತ್ತ. ತೀರ ಎಳೆಯ ಮರಿಗಳನ್ನು ಅದರಿಂದ ಕಳೆದರಾಯಿತು. ಒಟ್ಟು ಎಷ್ಟು ಬೇಕು ಎಂಬ ಪ್ರಶ್ನೆಗೆ ಸರಾಸರಿಯೇ ಉತ್ತರ. ಸಾಮಾನ್ಯ ಮನೆಯಲ್ಲಿ ಎಷ್ಟಿವೆ ಎಂಬ ಪ್ರಶ್ನೆಗೆ ಮಧ್ಯಾಂಕ. ಇನ್ನು ಆಡುಗಳ ಬಣ್ಣ ಕೇಳಿದರೆ ಸರಾಸರಿಯೂ ಇಲ್ಲ, ಮಧ್ಯಾಂಕವೂ ಇಲ್ಲ. ಹೆಚ್ಚಾಗಿ ಕಾಣುವುದು ಕಪ್ಪು ಎಂದು ಬಹುಲಕ ಮಾತ್ರ ಹೇಳಬಲ್ಲದು.

ಕಣ್ಣಿಗೆ ಬೀಳದ ಮೋಸ ಸೊನ್ನೆಯದು. "ನಮ್ಮ ಮನ್ಯಾಗ ಒಂದೂ ಇಲ್ರೀ" ಎಂದ ನಾಲ್ವರನ್ನು ಸರ್ ಬರೆದುಕೊಳ್ಳದೆ ಬಿಟ್ಟರೆ ಉಳಿಯುವುದು ಒಂಬತ್ತೇ ಉತ್ತರ. ಸರಾಸರಿ 17 ದಾಟುತ್ತದೆ, ಮಧ್ಯಾಂಕ 3 ಆಗುತ್ತದೆ, ಬಹುಲಕ 0 ಹೋಗಿ 2 ಮತ್ತು 3 ಎರಡೂ ಆಗುತ್ತವೆ. 130ಕ್ಕೆ ಜಗ್ಗದ ಮಧ್ಯಾಂಕ ಇಲ್ಲಿ ಜಗ್ಗಿತು. ಆಡು ಸಾಕುವ ಮನೆಗಳ ಬಗ್ಗೆ ಮಾತ್ರ ಕೇಳಿದ್ದರೆ ಇದೇ ಸರಿ. ತರಗತಿಯ ಎಲ್ಲ ಮನೆಗಳ ಬಗ್ಗೆ ಕೇಳಿದ್ದರೆ ಇಲ್ಲ ಎನ್ನುವುದೂ ಒಂದು ಉತ್ತರ, ಅದನ್ನು ಬರೆಯಲೇಬೇಕು.

ಕೊನೆಗೆ ಪೆನ್ನು ಮುಟ್ಟದೆ ಹೇಳಬೇಕಾದ ಎರಡು ಪ್ರಶ್ನೆ. ಕುರುಬರು ಸಂತೆಯಲ್ಲಿ 13 ಕುರಿ ಮಾರಿದರು, ಏನೇನು ಬದಲಾಯಿತು? ಮೊತ್ತ 13 ಇಳಿದರೆ ಸರಾಸರಿ ಸರಿಯಾಗಿ 1 ಇಳಿದು 11 ಆಗುತ್ತದೆ. ಮಧ್ಯಾಂಕ, ಬಹುಲಕ ಕದಲುವುದಿಲ್ಲ. ಅವರು ಮಾರಲೇ ಇಲ್ಲ, ಬದಲಿಗೆ 2 ಆಡು ಇದ್ದ ಒಂದು ಮನೆಯವರು ಇನ್ನೊಂದನ್ನು ಕೊಂಡರು ಎನ್ನಿ. ಸರಾಸರಿ 12ರಿಂದ ತುಸುವೇ ಸರಿಯುತ್ತದೆ. ಆದರೆ ಸಾಲಿನ ಏಳನೆಯ ಜಾಗಕ್ಕೆ ಈಗ 3 ಬಂದು ನಿಲ್ಲುವುದರಿಂದ ಹದಿಮೂರು ಕುರಿ ಕಳೆದರೂ ಅಲುಗದ ಮಧ್ಯಾಂಕ ಒಂದೇ ಆಡಿಗೆ 2ರಿಂದ 3ಕ್ಕೆ ಏರುತ್ತದೆ.