ಕುದಿಸಿದಷ್ಟೂ ಮುಗಿಯದ ಎಸ್ಟರ್

ಅಸಿಟಿಕ್ ಆಮ್ಲ ಮತ್ತು ಎಥನಾಲನ್ನು ತಲಾ ಒಂದು ಮೋಲ್ ಬೆರೆಸಿ ಎಷ್ಟು ಹೊತ್ತು ಕುದಿಸಿದರೂ ಮೂರರಲ್ಲಿ ಎರಡು ಪಾಲು ಮಾತ್ರ ಎಸ್ಟರ್ ಆಗುತ್ತದೆ. ಜೊತೆಗೆ ಹುಟ್ಟುವ ನೀರು ಎಸ್ಟರನ್ನು ಮತ್ತೆ ಒಡೆಯುತ್ತಿರುತ್ತದೆ. ಕೆಲವು ಹನಿ ಗಂಧಕಾಮ್ಲ ವೇಗ ಹೆಚ್ಚಿಸುತ್ತದೆಯೇ ಹೊರತು ಈ ಮಿತಿ ದಾಟಿಸದು. ಎಥನಾಲನ್ನು 3 ಮೋಲ್‌ಗೆ ಏರಿಸಿದರೆ ಶೇ. 90ರಷ್ಟು ಆಮ್ಲ ಎಸ್ಟರ್ ಆಗುತ್ತದೆ. ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವಾಗ, ಅದರ ಆಮ್ಲಾಂಶ ಇಳಿಸಲು ಮೆಥನಾಲನ್ನು ಧಾರಾಳವಾಗಿ ಹಾಕುವುದೂ ಇದಕ್ಕೇ.

ಬ್ಯುಟನಾಲ್ ಆದರೆ ಇನ್ನೊಂದು ದಾರಿಯಿದೆ. ಆವಿಯನ್ನು ತಣಿಸಿ, ಪಕ್ಕದ ಗುರುತುಗೊಳವೆಯಲ್ಲಿ ನೀರನ್ನು ಹಿಡಿಯುತ್ತಾರೆ. ಮೇಲೆ ತೇಲುವ ಪದರ ಫ್ಲಾಸ್ಕಿಗೆ ಮರಳುತ್ತದೆ. ಒಂದು ಮೋಲ್ ಆಮ್ಲಕ್ಕೆ ಸುಮಾರು 18 ಮಿ.ಲೀ. ನೀರು ಬರಬೇಕು. ಅದರ ಮಟ್ಟ ಏರುವುದು ನಿಂತರೆ ಕ್ರಿಯೆ ಮುಗಿದಂತೆ. ಎಥನಾಲ್ ನೀರಿನಲ್ಲಿ ಬೆರೆತುಹೋಗುವುದರಿಂದ ಅದಕ್ಕೆ ಈ ಕೊಳವೆ ಒಗ್ಗದು.