ಕಾಲು ತೆಗೆದಾಗ ಕಾರು ಏನು ಮಾಡುತ್ತದೆ?

ಶೋರೂಮಿನಿಂದ ಹೊರಟು, ಎರಡು ಸಿಗ್ನಲ್ ದಾಟಿ, ಯೂ-ಟರ್ನ್ ಹೊಡೆದು ಬಂದರೆ ಎಲೆಕ್ಟ್ರಿಕ್ ಕಾರಿನ ಎಲ್ಲ ಗುಣ ತಿಳಿಯುವುದಿಲ್ಲ. ಅರ್ಧ ಗಂಟೆಯಾದರೂ ಬೇಕು. ಕಾರಿನ ಚಾರ್ಜ್ ಶೇ. 60ರಿಂದ 80ರ ನಡುವೆ ಇರಲಿ ಎಂದು ಮೊದಲೇ ಹೇಳಿಡುವುದು ಒಳ್ಳೆಯದು. ಬ್ಯಾಟರಿ ಪೂರ್ತಿ ತುಂಬಿದ್ದರೆ ಮರಳಿ ಬರುವ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಹಾಗಾಗಿ ರೀಜನರೇಟಿವ್ ಬ್ರೇಕಿಂಗ್‌ನ ಬಲ ಕುಗ್ಗುತ್ತದೆ.

ಟಾಟಾ ನೆಕ್ಸಾನ್ ಇವಿಯನ್ನೇ ನೋಡಿ. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ಗಳಿಂದ ರೀಜನ್ ಅನ್ನು 0ಯಿಂದ 3ರವರೆಗೆ ಬದಲಿಸಬಹುದು. ಹಿಂದೆ ವಾಹನಗಳಿಲ್ಲದ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಬಿಟ್ಟು, ಪ್ರತಿ ಹಂತದಲ್ಲೂ ಕಾರು ಎಷ್ಟು ಬೇಗ ನಿಧಾನವಾಗುತ್ತದೆ ಎಂದು ನೋಡಬೇಕು. 3ರಲ್ಲಿ ಹಿಂದಿನ ಸೀಟಿನಲ್ಲಿ ಮನೆಯವರನ್ನು ಕೂರಿಸಿ ಕೇಳಿ: ಚಾಲಕನಿಗೆ ಹಿತವೆನಿಸಿದ ಎಳೆತ ಹಿಂದೆ ಕೂತವರಿಗೆ ವಾಕರಿಕೆ ತರಬಹುದು. ಗುಂಡಿಯ ಮೇಲೆ ಹಾಯುವಾಗಲೂ ಗಮನವಿರಲಿ. ಚಕ್ರದ ಹಿಡಿತ ತಪ್ಪಿದಾಗ ಕೆಲವು ಕಾರುಗಳು ರೀಜನ್ ಅನ್ನು ಕ್ಷಣಕಾಲ ಕೈಬಿಡುತ್ತವೆ. ಆಗ ಕಾರು ಮುಂದಕ್ಕೆ ಜಾರಿದಂತೆ ಅನಿಸುತ್ತದೆ. ಪೆಡಲ್ ಒತ್ತಿ ನಿಲ್ಲಿಸುವಾಗ, ಕೊನೆಯ ಕ್ಷಣದಲ್ಲಿ ಜರ್ಕ್ ಬರುತ್ತದೆಯೇ ಎಂಬುದೂ ಮುಖ್ಯ. ಮೋಟಾರಿನಿಂದ ಮಾಮೂಲಿ ಬ್ರೇಕಿಗೆ ಕೆಲಸ ದಾಟುವುದು ಅಲ್ಲೇ.

ಇಕೋ, ಸಿಟಿ, ಸ್ಪೋರ್ಟ್ ಮೋಡ್‌ಗಳು ಮುಖ್ಯವಾಗಿ ಬದಲಿಸುವುದು ಆಕ್ಸಿಲರೇಟರಿಗೆ ಕಾರು ಸ್ಪಂದಿಸುವ ರೀತಿಯನ್ನು. ಒಂದೇ ವೇಗದಲ್ಲಿ ಸಾಗುವಾಗ ಖರ್ಚಿನಲ್ಲಿ ದೊಡ್ಡ ಅಂತರವಿರದು. ಆದ್ದರಿಂದ ಸ್ಪೋರ್ಟ್‌ನಲ್ಲಿ ಬೆನ್ನು ಸೀಟಿಗಂಟುವುದನ್ನು ನೋಡಿ ಮಾರುಹೋಗುವ ಬದಲು, ಎಸಿ ಹಾಕಿ, ನಾಲ್ಕು ಜನ ಕೂತು, ಇಕೋದಲ್ಲಿ ಫ್ಲೈಓವರ್ ಹತ್ತಿಸಿ ನೋಡಬೇಕು. ದಿನನಿತ್ಯ ಓಡಿಸುವುದು ಹೆಚ್ಚಾಗಿ ಅದರಲ್ಲೇ.

ಇನ್ನು ಮೈಲೇಜ್. ಪರದೆಯ ಮೇಲೆ ಕಾಣುವ 'ಇನ್ನಿಷ್ಟು ಕಿ.ಮೀ.' ಎಂಬ ಅಂದಾಜಿನಲ್ಲಿ ಹಿಂದಿನವರು ಓಡಿಸಿದ ರೀತಿಯ ನೆರಳೂ ಇರುತ್ತದೆ. ಅದನ್ನು ಬಿಟ್ಟು, ಟ್ರಿಪ್ ಮೀಟರ್ ರೀಸೆಟ್ ಮಾಡಿ, ಕಿ.ಮೀ.ಗೆ ಎಷ್ಟು ವ್ಯಾಟ್-ಅವರ್ ಖರ್ಚಾಯಿತು ಎಂಬ ಸರಾಸರಿ ನೋಡಬೇಕು. ಹೋದ ರಸ್ತೆಯಲ್ಲೇ ವಾಪಸಾದರೆ ಏರು-ಇಳಿಜಾರಿನ ಲೆಕ್ಕ ಸರಿಹೋಗುತ್ತದೆ.

ಉದಾಹರಣೆಗೆ ಊರೊಳಗೆ 130 ಬಂತು ಎನ್ನೋಣ. 45 ಕಿಲೋವ್ಯಾಟ್-ಅವರ್ ಬ್ಯಾಟರಿಯನ್ನು ಅದರಿಂದ ಭಾಗಿಸಿದರೆ ಸುಮಾರು 346 ಕಿ.ಮೀ. ಹೆದ್ದಾರಿಯಲ್ಲಿ 170 ಬಂದರೆ ಅದು 265ಕ್ಕೆ ಇಳಿಯುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಲ್ಲಿದ್ದದ್ದು 100ರಲ್ಲಿ ಒಂದೂವರೆ ಪಟ್ಟಿಗಿಂತ ತುಸು ಹೆಚ್ಚಾಗುತ್ತದೆ. ಊರೊಳಗಿನಂತೆ ಬ್ರೇಕಿನಿಂದ ಮರಳಿ ಬರುವ ವಿದ್ಯುತ್ತೂ ಅಲ್ಲಿ ಕಡಿಮೆ. ದೂರದ ಪ್ರಯಾಣದಲ್ಲಿ ಶೇ. 80ರಿಂದ 10ರವರೆಗೆ ಮಾತ್ರ ಬಳಸುವವರಿಗೆ ಎರಡು ಚಾರ್ಜಿಂಗ್ ನಡುವೆ ಸಿಗುವುದು ಸುಮಾರು 185 ಕಿ.ಮೀ. ಬೆಂಗಳೂರಿನಿಂದ ಮೈಸೂರು ತಲುಪಲು ಸಾಕು, ಅಲ್ಲಿಂದ ಚಾರ್ಜ್ ಮಾಡದೆ ವಾಪಸ್ ಬರಲು ಸಾಲದು.