ತಿಥಿಯ ಖರ್ಚು: ಎಲೆ ಎಣಿಸಿ, ಪಾಲು ಹಂಚಿ



ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಒಂದು ಊರಿಗೆ ಆಗಸ್ಟ್ ತಿಂಗಳ ಮಳೆಯಲ್ಲಿ ಗಬ್ಬದ ಹಸುವೊಂದನ್ನು ನೋಡಲು ಹೋಗಿದ್ದೆ. ಕೊಟ್ಟಿಗೆಯಲ್ಲಿ ಆ ಹಸು ಇರಲಿಲ್ಲ. “ಅವ್ವನ ತಿಥಿಗೆ ಕೊಟ್ಟುಬಿಟ್ಟೆ ಸಾರ್” ಎಂದರು ಮನೆಯವರು. ಏಳು ತಿಂಗಳ ಗಬ್ಬದ ಹಸು 35,000 ರೂಪಾಯಿಗೆ ಹೋಗಿತ್ತು. ತಿಥಿಯ ದಿನ ಗೊತ್ತಿದ್ದ ದಲ್ಲಾಳಿ ಬೆಲೆ ಏರಿಸಲಿಲ್ಲ. ಅಂಥದೇ ಹಸುವನ್ನು ಮತ್ತೆ ತರಲು 60,000 ಬೇಕು.

ಆ ಮನೆಯ ಲೆಕ್ಕವನ್ನೇ ನೋಡೋಣ. ಮೂವರು ಮಕ್ಕಳು. ಅಣ್ಣನಿಗೆ ಕಾಫಿ ತೋಟವಿದೆ, ತಂಗಿ ಬೆಂಗಳೂರಿನಲ್ಲಿ ಸಂಬಳಕ್ಕಿದ್ದಾರೆ, ತಮ್ಮನಿಗೆ ಎರಡು ಹಸು ಮತ್ತು ಕೂಲಿ. ಒಟ್ಟು ಖರ್ಚು ಒಂದು ಲಕ್ಷ. ಸಮಪಾಲು ಎಂದು ತಲಾ 33,000ಕ್ಕೂ ಹೆಚ್ಚು ಹಾಕಿದರು. ತಮ್ಮನ ಪಾಲು ಕೊಟ್ಟಿಗೆಯಿಂದ ಹೊರಟಿತು.

ಒಂದು ಲಕ್ಷ ಆದದ್ದು ಹೇಗೆ? ಮೊದಲ ದಿನದ ಸೌದೆ, ವಾಹನ, ಶವಪೆಟ್ಟಿಗೆಯ ಬಾಡಿಗೆ ಇತ್ಯಾದಿಗೆ 16,000. ಮಳೆಗಾಲದಲ್ಲಿ ಒಣ ಸೌದೆ ಸಿಗುವುದು ಕಷ್ಟವಾದ್ದರಿಂದ ಇದು ಬೇಸಿಗೆಗಿಂತ ಹೆಚ್ಚು. ಹನ್ನೊಂದು ದಿನದ ಕ್ರಿಯೆ, ದಕ್ಷಿಣೆ, ದಾನಕ್ಕೆ 14,000. ಚಪ್ಪರ, ಪಾತ್ರೆ ಬಾಡಿಗೆಗೆ 6,000. ಉಳಿದ 64,000 ಊಟದ್ದು: ಎಲೆಯೊಂದಕ್ಕೆ 160ರಂತೆ 400 ಎಲೆ. ದಿನಸಿ, ತರಕಾರಿ, ಅಡಿಗೆಯವರ ಕೂಲಿ ಎಲ್ಲ ಸೇರಿ ಈ 160. ನಿಮ್ಮ ಊರಿನ ದರ ಬೇರೆ ಇರಬಹುದು, ಲೆಕ್ಕದ ಕ್ರಮ ಇದೇ.

ಮೊದಲ ಮೂರು ಬಾಬುಗಳು ಹೆಚ್ಚು ಏರುಪೇರಾಗುವುದಿಲ್ಲ. ಏರುವುದು ಎಲೆ ಮಾತ್ರ. ಆದ್ದರಿಂದ ಅಂದಾಜು ಮಾಡುವಾಗ ಜನರನ್ನಲ್ಲ, ಕರೆಯುವ ಮನೆಗಳನ್ನು ಬರೆಯಿರಿ. ಹತ್ತಿರದ ನೆಂಟರ ಮನೆಗೆ ನಾಲ್ಕು ಎಲೆ, ಊರಿನ ಮನೆಗೆ ಎರಡು ಎಂದು ಹಿಡಿಯಿರಿ. ಈ ಮನೆಯಲ್ಲಿ ನೆಂಟರಿಗೂ ಊರಿನವರಿಗೂ 150 ಎಲೆ ಸಾಕಿತ್ತು. ಉಳಿದ 250 ಅಣ್ಣನ ವ್ಯವಹಾರದ ಪರಿಚಯದವರದು.

ಇಲ್ಲಿಯೇ ಹಂಚಿಕೆಯ ಸೂತ್ರವಿದೆ. ಎಲ್ಲರೂ ಒಪ್ಪಿದ ಖರ್ಚನ್ನು ಶಕ್ತಿಗೆ ತಕ್ಕಂತೆ ಹಂಚಿಕೊಳ್ಳಬೇಕು. ಅದಕ್ಕಿಂತ ಹೆಚ್ಚು ಬೇಕೆಂದವರು ಆ ಹೆಚ್ಚಿನದನ್ನು ತಾವೇ ಭರಿಸಬೇಕು. 150 ಎಲೆಗೆ 24,000, ಉಳಿದ ಬಾಬುಗಳಿಗೆ 36,000. ಒಪ್ಪಿದ ಖರ್ಚು 60,000.

ಶಕ್ತಿ ಎಂದರೆ ಆಸ್ತಿಯಲ್ಲ, ಮನೆಖರ್ಚು ಕಳೆದು ಉಳಿಯುವ ಹಣ. ಅಣ್ಣನಿಗೆ ವರ್ಷದ ಉಳಿಕೆಯನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 30,000, ತಂಗಿಗೆ 15,000, ತಮ್ಮನಿಗೆ 5,000. ಅಂದರೆ ಆರು, ಮೂರು, ಒಂದು ಪಾಲು. ಅಣ್ಣ 36,000, ತಂಗಿ 18,000, ತಮ್ಮ 6,000. ಹೆಚ್ಚಿನ 250 ಎಲೆಯ 40,000 ಅಣ್ಣನದು. ಈ ಅಂಕಿ ಮೊದಲೇ ಕಂಡಿದ್ದರೆ ಬಹುಶಃ ಅವರೇ ಎಲೆ ಇಳಿಸುತ್ತಿದ್ದರು. ಹಸುವೂ ಕೊಟ್ಟಿಗೆಯಲ್ಲೇ ಕರು ಹಾಕುತ್ತಿತ್ತು.

ನಮ್ಮ ಸೀಮೆಯಲ್ಲಿ ಒಂದು ತೊಡಕಿದೆ. ಕಾಫಿಯ ಹಣ ಬರುವುದು ಕೊಯ್ಲಾದ ಮೇಲೆ, ಮಳೆಗಾಲದಲ್ಲಲ್ಲ. ತೋಟದವರ ಕೈಯಲ್ಲಿ ಆಗ ಹಣವಿಲ್ಲದಿರಬಹುದು. ಸಂಬಳದವರು ಮುಂಗಡ ಹಾಕಲಿ, ತೋಟದವರು ಕಾಫಿ ಮಾರಿದ ಮೇಲೆ ತೀರಿಸಲಿ. ಯಾರು, ಎಷ್ಟು, ಯಾವಾಗ ಎಂದು ಒಂದೇ ಪುಸ್ತಕದಲ್ಲಿ ಬರೆದು ಮೂವರೂ ಸಹಿ ಹಾಕಬೇಕು. ತಮ್ಮ ಕೊಟ್ಟ ಸೌದೆಗೂ, ಮಜ್ಜಿಗೆಗೆ ಕೊಟ್ಟ ಹಾಲಿಗೂ ಬೆಲೆ ಕಟ್ಟಿ ಅವರ ಪಾಲಿಗೆ ಜಮಾ ಮಾಡಬೇಕು. ನಲವತ್ತು ಲೀಟರ್ ಹಾಲನ್ನು 35ರಂತೆ ಹಿಡಿದರೂ 1,400 ರೂಪಾಯಿ. ವರ್ಷದ ತಿಥಿಗೆ ಬೇಕಾದ 15,000ವನ್ನೂ ಅದೇ ಪುಸ್ತಕದಲ್ಲಿ ಈಗಲೇ ಹಂಚಿಟ್ಟರೆ ಆಗ ಮತ್ತೆ ಹಸುವಿನ ಕಡೆ ನೋಡಬೇಕಾಗಿಲ್ಲ.

ಎರಡು ಲೆಕ್ಕಗಳನ್ನು ಇದರೊಳಗೆ ತರಬೇಡಿ. ಒಂದು, ತಾಯಿಯ ಕಾಯಿಲೆಗೆ ಆದ ಆಸ್ಪತ್ರೆ ಖರ್ಚು. ಅದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಇನ್ನೊಂದು, ಜಮೀನಿನ ಪಾಲು. ತಿಥಿಗೆ ಹೆಚ್ಚು ಹಾಕಿದವರಿಗೆ ಅದರಿಂದ ಹೆಚ್ಚು ಭೂಮಿ ಬರುವುದಿಲ್ಲ, ಕಡಿಮೆ ಹಾಕಿದವರ ಹಕ್ಕು ಕಳೆಯುವುದೂ ಇಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ.

ತೀರಿಕೊಂಡವರ ಬ್ಯಾಂಕ್ ಖಾತೆಯಿಂದ ಎ.ಟಿ.ಎಂ. ಕಾರ್ಡಿನಲ್ಲಿ ಹಣ ತೆಗೆದು ಖರ್ಚು ಮಾಡಬೇಡಿ, ಅದೇ ಮುಂದೆ ಜಗಳಕ್ಕೆ ಮೂಲ. ಮರಣವನ್ನು 21 ದಿನದೊಳಗೆ ನೋಂದಾಯಿಸಿ ಪ್ರಮಾಣಪತ್ರ ಪಡೆಯಿರಿ. ಖಾತೆಯ ಹಣ ನಾಮಿನಿಯ ಕೈಗೆ ಬಂದರೂ ಅದು ವಾರಸುದಾರರೆಲ್ಲರಿಗೂ ಸೇರಿದ್ದು. ಅದರಿಂದ ತಿಥಿಯ ಖರ್ಚು ಕಳೆಯುವುದಾದರೆ ಎಲ್ಲರ ಒಪ್ಪಿಗೆ ಪುಸ್ತಕದಲ್ಲಿರಲಿ.

ಈ ಮಾತುಕತೆಗೆ ಮೂರನೇ ದಿನದ ಸಂಜೆ ಒಳ್ಳೆಯದು. ಅಡಿಗೆಯವರಿಗೆ ಮುಂಗಡ ಕೊಟ್ಟ ಮೇಲೆ ಎಲೆ ಇಳಿಸುವುದು ಕಷ್ಟ.